ಅಂಬಲಿ ಮೊದಲೋ, ಅಕ್ಕಚ್ಚು ಮೊದಲೋ?
(ನಮ್ಮ ಮಹಿಳಾ ವಿಭಾಗದ ಸಭೆಯಲ್ಲಿ ಆಡಿದ ಮಾತಿನ ಬರಹರೂಪ)

ನಮ್ಮ ವಿಭಾಗದ ಹಿರಿಯ ಸದಸ್ಯೆಯರು ತಮ್ಮ ತಾಯಿಮನೆಯ ಅಡುಗೆಮನೆಯ ನೆನಪುಗಳನ್ನು ಬರೆದುಕೊಟ್ಟದ್ದು ನಿಮಗೆಲ್ಲ ಗೊತ್ತೇ ಇದೆ. ಒಟ್ಟು 23 ಬರಹ ಬಂದವು. ಮೈಸೂರು ಕಡೆಯವರು, ಹುಬ್ಬಳ್ಳಿ ಧಾರವಾಡದವರು, ಉಡುಪಿ ಕುಂದಾಪುರದವರು, ಶಿರಸಿಯವರು, ಎಲ್ಲರೂ ಬರೆದಿದ್ದರು. ನಮ್ಮ ಕನ್ನಡ ತರಗತಿಯ ಮಕ್ಕಳಿಗೆ ಓದಲು ಕೊಟ್ಟೆವು. ಮುಂಬಯಿಯಲ್ಲೇ ಹುಟ್ಟಿದ ಮಕ್ಕಳು. ಅಕ್ಷರ ಕಲಿತಿದ್ದಾರೆ, ಓದುತ್ತಾರೆ. ಆದರೆ ಒಂದು ಪುಟ ಮುಗಿಯುವಷ್ಟರಲ್ಲಿ ಹತ್ತು ಸಲ "ಹಾಗಂದ್ರೇನು?" ಅಂತ ಕೇಳಿದರು. ಮೊರ, ಒನಕೆ, ನೆಲುವು, ನಾಗಂದಿಗೆ, ಯಾವುದನ್ನೂ ಅವರು ಕಂಡವರಲ್ಲ. ಹಾಗಾಗಿ ಪುಸ್ತಕದ ಕೊನೆಗೆ ಒಂದು ಪದಪಟ್ಟಿ ಬೇಕು ಅಂತಾಯಿತು. ಆ ಕೆಲಸ ನನ್ನ ತಲೆಗೆ ಬಂತು. ಎಡಗಡೆ ಪದ, ಬಲಗಡೆ ಅರ್ಥ, ಅಕಾರಾದಿಯಾಗಿ ಜೋಡಿಸುವುದು. ಒಂದು ಭಾನುವಾರದ ಕೆಲಸ ಅಂದುಕೊಂಡೆ. ಐದು ತಿಂಗಳು ಹಿಡಿಯಿತು. ಆ ಐದು ತಿಂಗಳಲ್ಲಿ ಏನು ನಡೆಯಿತು ಅನ್ನುವುದನ್ನೇ ಇವತ್ತು ಹೇಳುತ್ತೇನೆ.

ಮೊದಲು, ಲೇಖಕಿಯರೇ ತಮ್ಮ ಬರಹದ ಕಷ್ಟದ ಪದಗಳನ್ನು ಅರ್ಥದ ಜೊತೆ ವಾಟ್ಸಾಪಿನಲ್ಲಿ ಕಳಿಸಲಿ ಅಂದೆ. ಬಂದವು, ಮುನ್ನೂರಕ್ಕೂ ಹೆಚ್ಚು. ಎಲ್ಲವನ್ನೂ ಕಂಪ್ಯೂಟರಿನ ಒಂದು ಹಾಳೆಗೆ ಹಾಕಿ ನೋಡಿದರೆ ಎಡಗಡೆ ಸಾಲಿನಲ್ಲೇ ಗೊಂದಲ. ಒಬ್ಬರು "ಕೇರುತ್ತಿದ್ದರು" ಅಂತ ಕಳಿಸಿದ್ದರು, ಇನ್ನೊಬ್ಬರು "ಕೇರುವುದು" ಅಂತ, ಮತ್ತೊಬ್ಬರು "ಕೇರಿ". ಮೂರೂ ಒಂದೇ ಪದ, ಆದರೆ ಪಟ್ಟಿಯಲ್ಲಿ ಮೂರು ಕಡೆ. ಹಾಗೆಯೇ "ಒರಳಿಗೆ", "ಒರಳಲ್ಲಿ". ಮೊದಲು ಎಡಗಡೆಯನ್ನು ಒಂದೇ ರೂಪಕ್ಕೆ ತರಬೇಕು. ನಾಮಪದವಾದರೆ ವಿಭಕ್ತಿ ಕಳಚಿ "ಒರಳು". ಕ್ರಿಯಾಪದವಾದರೆ ಧಾತು, ಅಂದರೆ ಯಾರಿಗಾದರೂ "ಮಾಡು" ಅಂತ ಹೇಳುವಾಗ ಬರುವ ರೂಪ: "ಕೇರು", "ಹಳಸು", "ಕಡೆ". ನಮ್ಮ ನಿಘಂಟುಗಳಲ್ಲೂ ಹೀಗೇ ಇರುತ್ತದೆ. ಈ ಒಂದು ಕೆಲಸ ಮಾಡಿದ ಮೇಲೆ ಪದಗಳ ಸಂಖ್ಯೆ 241ಕ್ಕೆ ಇಳಿಯಿತು.

ಆಮೇಲೆ ಅಕಾರಾದಿ. ಇದರಲ್ಲೇನಿದೆ, ಹಾಳೆಯಲ್ಲಿ ಒಂದು ಗುಂಡಿ ಒತ್ತಿದರೆ ತಾನೇ ಜೋಡಿಸಿಕೊಳ್ಳುತ್ತದಲ್ಲ ಅಂತ ಎಲ್ಲರೂ ಹೇಳಿದರು. ನಾನೂ ಒತ್ತಿದೆ. ಬಂದ ಪಟ್ಟಿಯನ್ನು ಸಭೆಗೆ ತಂದಾಗ ನಮ್ಮ ತರಗತಿಯಲ್ಲಿ ಪಾಠ ಹೇಳುವ ಅಕ್ಕ ಮೊದಲ ಸಾಲಿಗೇ ಆಕ್ಷೇಪ ತೆಗೆದರು. "ಅಂಬಲಿ ಹೇಗೆ ಮೊದಲು ಬಂತು? ವರ್ಣಮಾಲೆಯಲ್ಲಿ ಅಂ ಬರುವುದು ಔ ಆದ ಮೇಲಲ್ಲವಾ? ಮಕ್ಕಳು ಅ ಆ ಇ ಈ ಅಂತ ಹೇಳಿಕೊಂಡು ಹೋಗಿ ಔ ಆದಮೇಲೆ ಹುಡುಕ್ತಾರೆ" ಅಂದರು. ಅವರು ಹೇಳಿದ್ದು ಸುಳ್ಳಲ್ಲ, ನಾವೆಲ್ಲ ಹಾಗೇ ಕಲಿತದ್ದು. ಆದರೆ ಆ ದಾರಿಯಲ್ಲಿ ಹೋದರೆ "ಕಂಚು" ಎಲ್ಲಿ ಹೋಗಬೇಕು? ಕಾಗುಣಿತದಲ್ಲಿ ಕೌ ಆದ ಮೇಲೆ ಕಂ. ಹಾಗಾದರೆ ಕಡೆಗೋಲು, ಕಾವಲಿ, ಕೊಡಪಾನ ಎಲ್ಲ ಆದ ಮೇಲೆ ಕಂಚು ಬರಬೇಕು. ಮನೆಯಲ್ಲಿದ್ದ ಕನ್ನಡ ಸಾಹಿತ್ಯ ಪರಿಷತ್ತಿನ ಸಂಕ್ಷಿಪ್ತ ನಿಘಂಟನ್ನು ತಂದು ತೆರೆದು ತೋರಿಸಿದೆ. ಅದರಲ್ಲಿ "ಅ" ಆದ ಕೂಡಲೇ ಅಂಕ, ಅಂಗಳ ಅಂತ ಸೊನ್ನೆಯ ಪದಗಳು. ಅವು ಮುಗಿದ ಮೇಲೆ ಅಕ್ಕ, ಅಗಳು. ಮಗು ನಾಳೆ ದೊಡ್ಡ ನಿಘಂಟು ತೆರೆದಾಗ ಅಲ್ಲೂ ಇದೇ ಕ್ರಮ ಸಿಗಲಿ ಅಂತ ಅದನ್ನೇ ಇಟ್ಟುಕೊಂಡೆವು. ಅಂಬಲಿ ಮೊದಲು, ಅಕ್ಕಚ್ಚು ಆಮೇಲೆ. ಅಕ್ಕನ ಮಾತಿಗೂ ಬೆಲೆ ಕೊಟ್ಟು, ಪಟ್ಟಿಯ ತಲೆಗೆ ಒಂದು ಸಾಲು ಹಾಕಿದೆವು: "ಸೊನ್ನೆ ಇರುವ ಪದಗಳು ಆಯಾ ಅಕ್ಷರದ ಮೊದಲಲ್ಲೇ ಇವೆ."

ಒತ್ತಕ್ಷರದ ಮಾತೂ ಬಂತು. ಅಡಕಲು, ಅಡಿಗೆ, ಅಡ್ಡಣಿಗೆ, ಈ ಮೂರರಲ್ಲಿ ಯಾವುದು ಮೊದಲು? ನಿಘಂಟಿನ ಕ್ರಮದಲ್ಲಿ ಡ, ಡಾ, ಡಿ ಅಂತ ಕಾಗುಣಿತವೆಲ್ಲ ಮುಗಿದ ಮೇಲೆ ಒತ್ತಿನ "ಡ್ಡ" ಬರುತ್ತದೆ. ಆದ್ದರಿಂದ ಅಡ್ಡಣಿಗೆ ಕೊನೆಗೆ. "ಕರ್ಪೂರ"ದಂಥ ಪದದಲ್ಲಿ ಕಣ್ಣಿಗೆ ಕಾಣುವುದು ಕ ಆದ ಮೇಲೆ ಪೂ, ಅರ್ಕಾವೊತ್ತು ಅದರ ಪಕ್ಕದಲ್ಲಿ. ಆದರೆ ಬಾಯಲ್ಲಿ ಮೊದಲು ಬರುವುದು ರ್, ಹಾಗಾಗಿ ಅದು ಕರ ಗುಂಪಿನಲ್ಲಿ, ಕಪ ಗುಂಪಿನಲ್ಲಲ್ಲ. ಇದನ್ನು ಮಕ್ಕಳಿಗೆ ಒಮ್ಮೆ ಹೇಳಿದರೆ ಸಾಕು, ಹಿಡಿದುಕೊಂಡರು.

ಕಂಪ್ಯೂಟರ್ ನಿಜವಾಗಿ ತಪ್ಪಿದ್ದು ಬೇರೆ ಕಡೆ. ನನ್ನ ಹಳೆಯ ಲ್ಯಾಪ್‌ಟಾಪು "ಬಳ್ಳ"ವನ್ನು "ಬಸಳೆ"ಗಿಂತ ಮೊದಲು ಇಟ್ಟಿತ್ತು, "ಹಳಸು" ಅನ್ನುವುದನ್ನು "ಹಸೆ"ಗಿಂತ ಮೊದಲು. ನಮ್ಮ ವರ್ಣಮಾಲೆಯಲ್ಲಿ ಳ ಕೊನೆಯ ಅಕ್ಷರ, ಹ ಆದ ಮೇಲೆ ಬರುವುದು. ಆದರೆ ಯೂನಿಕೋಡಿನಲ್ಲಿ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಇರುತ್ತದೆ. ಅಲ್ಲಿ ಳ ಕೂತಿರುವುದು ಲ ಪಕ್ಕದಲ್ಲೇ, ವ ಶ ಷ ಸ ಹಗಳಿಗಿಂತ ಮುಂಚೆ. ಕನ್ನಡದ ಕ್ರಮವನ್ನು ತಿಳಿದ ತಂತ್ರಾಂಶ ಇದನ್ನು ಸರಿಮಾಡಿಕೊಳ್ಳುತ್ತದೆ. ತಿಳಿಯದ್ದು ಬರೀ ಸಂಖ್ಯೆ ನೋಡಿ ಜೋಡಿಸುತ್ತದೆ. ನಿಮ್ಮದು ಯಾವ ಬಗೆಯದು ಅಂತ ತಿಳಿಯಲು ಬಸಳೆ, ಬಳ್ಳ ಈ ಎರಡು ಪದ ಹೊಡೆದು ಜೋಡಿಸಿ ನೋಡಿದರೆ ಸಾಕು. ಬಳ್ಳ ಮೇಲೆ ಬಂದರೆ ಕೈಯಿಂದ ತಿದ್ದಬೇಕು. ನಮ್ಮ ಪಟ್ಟಿಯಲ್ಲಿ ಹಾಗೆ ಜಾಗ ಬದಲಿಸಬೇಕಾದದ್ದು 11 ಪದ ಮಾತ್ರ, ಅರ್ಧ ಗಂಟೆಯ ಕೆಲಸ.

ಇದಕ್ಕಿಂತ ಹೆಚ್ಚು ಕಾಡಿದ್ದು ಕಣ್ಣಿಗೇ ಕಾಣದ ತಪ್ಪು. "ಮಂತು" ಅನ್ನುವ ಪದ ಹುಡುಕಿದರೆ ಸಿಗುತ್ತಿರಲಿಲ್ಲ. ಪಟ್ಟಿಯಲ್ಲಿ ಎದುರಿಗೇ ಇದೆ, ಜಾಗ ಮಾತ್ರ ತಪ್ಪಿದೆ! ಎರಡು ದಿನ ತಲೆ ಕೆಡಿಸಿಕೊಂಡ ಮೇಲೆ ಗೊತ್ತಾಯಿತು, ಕಳಿಸಿದವರು ಅನುಸ್ವಾರದ ಬದಲು ಕನ್ನಡ ಅಂಕಿಯ ಸೊನ್ನೆ ಹೊಡೆದಿದ್ದರು. ನೋಡಲು ಎರಡೂ ಒಂದೇ ಉಂಡೆ. ಕಂಪ್ಯೂಟರಿಗೆ ಒಂದು ಅಕ್ಷರದ ಭಾಗ, ಇನ್ನೊಂದು ಅಂಕಿ. ಹಾಗೆಯೇ ಅರ್ಕಾವೊತ್ತಿನ ಬದಲು ಅಂಕಿ ಒಂಬತ್ತನ್ನು ಹಾಕಿ "ಕಪೂ೯ರ" ಅಂತ ಬರೆದವರೂ ಇದ್ದರು. ಇದಕ್ಕೆ ಉಪಾಯ ಸುಲಭ: Ctrl+F ಒತ್ತಿ ಒಮ್ಮೆ ೦ ಅಂತಲೂ ಒಮ್ಮೆ ೯ ಅಂತಲೂ ಹುಡುಕಿ, ಪದದ ನಡುವೆ ಸಿಕ್ಕಿದ್ದನ್ನೆಲ್ಲ ಸರಿಯಾದ ಅಕ್ಷರಕ್ಕೆ ಬದಲಿಸುವುದು. ಪದದ ಮುಂದೆ ಖಾಲಿ ಜಾಗ ಬಿಟ್ಟಿದ್ದರೂ ಪದ ತಪ್ಪು ಜಾಗಕ್ಕೆ ಹೋಗುತ್ತದೆ; ಪಕ್ಕದ ಕಾಲಮ್ಮಿನಲ್ಲಿ =TRIM(A2) ಅಂತ ಹಾಕಿ ಕೆಳಗಿನವರೆಗೆ ಎಳೆದರೆ ಆ ಖಾಲಿ ಜಾಗ ಹೋಗುತ್ತದೆ. ಇವನ್ನೆಲ್ಲ ಮಾಡಿದ ಮೇಲೇ ಜೋಡಿಸುವ ಗುಂಡಿ ಒತ್ತಬೇಕು. ನಾನು ತಿರುಗುಮುರುಗು ಮಾಡಿ ಎರಡು ಸಲ ಕೂಲಿ ಮಾಡಿದೆ.

ಇನ್ನು ಬಲಗಡೆಯ ಕಾಲಮ್ಮು. ಒಂದೇ ವಸ್ತುವಿಗೆ ಬಂದ ಮೂರು ಅರ್ಥಗಳನ್ನು ಓದುತ್ತೇನೆ. ಮೊದಲನೆಯದು: "ಕಡೆಗೋಲು ಅಂದರೆ ಮಜ್ಜಿಗೆ ಕಡೆಯುವುದು." ಎರಡನೆಯದು: "ಮಂತು. ಇದಕ್ಕೆ ಹಗ್ಗ ಸುತ್ತಿ ಎಳೆಯುತ್ತಾರೆ. ನಮ್ಮಜ್ಜಿ ಬೆಳಗಿನ ಜಾವ ಎದ್ದು ಎಳೆಯುವ ಸದ್ದಿಗೆ ನಮಗೆ ಎಚ್ಚರವಾಗುತ್ತಿತ್ತು." ಮೂರನೆಯದು ಬರೀ "ಚರ್ನರ್".

ಮೊದಲನೆಯದರಲ್ಲಿ ವಸ್ತುವನ್ನು ಕೇಳಿದರೆ ಕೆಲಸವನ್ನು ಹೇಳಿದ್ದಾರೆ. ಎರಡನೆಯದು ಓದಲು ಬಹಳ ಚೆಂದ, ಆದರೆ ಅದು ಮರದ್ದೋ ಲೋಹದ್ದೋ, ಕೋಲೋ ಪಾತ್ರೆಯೋ ಅಂತ ಮಗುವಿಗೆ ಗೊತ್ತಾಗುವುದಿಲ್ಲ. ಮೂರನೆಯದನ್ನು ಓದಿದ ಮಗು ಕರೆಂಟಿನ ಯಂತ್ರ ಅಂದುಕೊಂಡೀತು. ನಾವು ಕೊನೆಗೆ ಬರೆದದ್ದು: "ಮೊಸರು ಕಡೆದು ಬೆಣ್ಣೆ ತೆಗೆಯಲು ಬಳಸುವ, ತುದಿಯಲ್ಲಿ ಹಲ್ಲುಗಳಿರುವ ಮರದ ಕೋಲು." ಅಜ್ಜಿಯ ಸದ್ದನ್ನು ತೆಗೆಯುವಾಗ ಮನಸ್ಸಿಗೆ ಕಷ್ಟವಾಯಿತು. ಅದನ್ನು ಬರೆದವರಿಗೆ ಫೋನ್ ಮಾಡಿ, "ಈ ಸಾಲು ನಿಮ್ಮ ಬರಹದೊಳಗೇ ಹೋಗಲಿ ಅಕ್ಕಾ, ಪಟ್ಟಿಯಲ್ಲಿ ಬೇಡ" ಅಂದೆ. ಅಲ್ಲಿಗೇ ಸೇರಿಸಿಕೊಟ್ಟರು.

ಆ ಒಂದು ಸಾಲಿನ ಕಟ್ಟಡವನ್ನೇ ಎಲ್ಲ ಅರ್ಥಗಳಿಗೂ ಅಚ್ಚು ಮಾಡಿಕೊಂಡೆವು. "ಅಂದರೆ", "ಇದು", "ಎನ್ನುತ್ತಾರೆ" ಯಾವುದೂ ಬೇಡ. ಯಾತಕ್ಕೆ ಬಳಸುವುದು ಅನ್ನುವುದು ಮೊದಲು, ಹೇಗಿರುತ್ತದೆ ಅನ್ನುವುದು ಆಮೇಲೆ, ಅದು ಯಾವ ಜಾತಿಯ ವಸ್ತು ಅನ್ನುವುದು ಕಟ್ಟಕಡೆಗೆ: ಕೋಲು, ಪಾತ್ರೆ, ತಿನಿಸು, ಕಲ್ಲು. ಇಂಗ್ಲಿಷ್ ನಿಘಂಟಿನಲ್ಲಿ ಜಾತಿ ಮೊದಲು ಬರುತ್ತದೆ. ನಮ್ಮಲ್ಲಿ ಕೆಲವರು ಹಾಗೇ ಬರೆದಿದ್ದರು, "ಒಂದು ಕೋಲು, ಯಾವುದರಿಂದ ಮೊಸರನ್ನು ಕಡೆಯಲಾಗುತ್ತದೋ" ಅಂತ. ಅದು ಕನ್ನಡದ ನಡಿಗೆಯಲ್ಲ. ನಮ್ಮ ಮಾತಿನಲ್ಲಿ ಮುಖ್ಯವಾದದ್ದು ಕೊನೆಗೇ ಬರುತ್ತದೆ. ಕ್ರಿಯಾಪದವಾದರೆ ಅರ್ಥವೂ ಧಾತುವಿನಲ್ಲೇ ಮುಗಿಯಬೇಕು. "ಕೇರು" ಅಂತ ಎಡಗಡೆ ಇದ್ದರೆ ಬಲಗಡೆ "ಬೇರೆ ಮಾಡು" ಅಂತಲೇ ಇರಬೇಕು, "ಬೇರೆ ಮಾಡುವುದು" ಅಲ್ಲ.

ಹೀಗೆ ಬರೆದ ಮೇಲೆ ಒಂದು ಪರೀಕ್ಷೆ. ಮೂಲ ಬರಹದಲ್ಲಿ ಆ ಪದ ಇರುವ ವಾಕ್ಯ ತೆಗೆದುಕೊಂಡು, ಪದದ ಜಾಗದಲ್ಲಿ ಅರ್ಥವನ್ನೇ ಇಟ್ಟು ಓದುವುದು. ವಾಕ್ಯ ಉದ್ದವಾಗುತ್ತದೆ, ಆಗಲಿ. ಆದರೆ ಮುರಿಯಬಾರದು. ಮುರಿದರೆ ಅರ್ಥ ಬೇರೆ ಜಾತಿಯ ಪದಕ್ಕೆ ಬರೆದಾಗಿದೆ ಅಂತ ಲೆಕ್ಕ. "ಅಮ್ಮ ಕಡೆಗೋಲಿಗೆ ಹಗ್ಗ ಸುತ್ತಿದಳು" ಅನ್ನುವ ಕಡೆ "ಮಜ್ಜಿಗೆ ಕಡೆಯುವುದಕ್ಕೆ ಹಗ್ಗ ಸುತ್ತಿದಳು" ಅಂತ ಇಟ್ಟು ನೋಡಿ, ಕಡೆಗೋಲೇ ಮಾಯ.

ಎರಡನೆಯ ಪರೀಕ್ಷಕಿ ನಮ್ಮ ತರಗತಿಯ 11 ವರ್ಷದ ಹುಡುಗಿ. ಅವಳನ್ನು ಕೂರಿಸಿ ಪಟ್ಟಿ ಓದಿಸಿದೆ. "ಕೇರು: ಮೊರದಲ್ಲಿ ಧಾನ್ಯವನ್ನು ಹಾರಿಸಿ ಹೊಟ್ಟನ್ನು ಬೇರೆ ಮಾಡು" ಅಂತಿತ್ತು. "ಹೊಟ್ಟೆನ ಬೇರೆ ಮಾಡೋದಾ ಆಂಟಿ?" ಅಂದಳು. ಎಲ್ಲರೂ ನಕ್ಕೆವು, ಆದರೆ ತಪ್ಪು ನಮ್ಮದೇ. ಅರ್ಥ ಹೇಳಲು ಬಳಸಿದ ಪದಕ್ಕೇ ಅರ್ಥ ಬೇಕಾಗಿತ್ತು. "ಧಾನ್ಯದ ಸಿಪ್ಪೆಯನ್ನು" ಅಂತ ಮಾಡಿದೆವು. ಒನಕೆ, ಒರಳಿನ ಕಡೆ ಅವಳು ಇನ್ನೂ ದೊಡ್ಡ ತಪ್ಪು ಹಿಡಿದಳು. ಒನಕೆಗೆ "ಒರಳಲ್ಲಿ ಕುಟ್ಟುವ ಕೋಲು" ಅಂತಿತ್ತು. ಒರಳು ಏನು ಅಂತ ನೋಡಿದರೆ "ಒನಕೆಯಿಂದ ಕುಟ್ಟುವ ಕಲ್ಲು". ಅವಳು ಪುಟ ಹಿಂದೆ ಮುಂದೆ ತಿರುವಿ ನನ್ನ ಮುಖ ನೋಡಿದಳು. ಎರಡರಲ್ಲಿ ಒಂದಾದರೂ ಇನ್ನೊಂದರ ಹೆಸರೆತ್ತದೆ ನಿಲ್ಲಬೇಕಿತ್ತು. ಎರಡನ್ನೂ ಬಿಡಿಸಿ ಬರೆದೆವು.

ಒರಳಿನಲ್ಲಿ ಇನ್ನೊಂದು ಪೇಚು. ಮೈಸೂರು ಕಡೆಯ ಬರಹದಲ್ಲಿ ಒರಳಲ್ಲಿ ಇಡ್ಲಿ ಹಿಟ್ಟು ರುಬ್ಬುತ್ತಾರೆ, ಇನ್ನೊಂದು ಬರಹದಲ್ಲಿ ಒರಳಲ್ಲಿ ಭತ್ತ ಕುಟ್ಟುತ್ತಾರೆ. ಎರಡನ್ನೂ ಸೇರಿಸಿ ಒಂದು ಉದ್ದ ವಾಕ್ಯ ಮಾಡುವ ಬದಲು 1, 2 ಅಂತ ಅಂಕಿ ಹಾಕಿದೆವು. ಈಗ ಪಟ್ಟಿಯ ಒಂದು ತುಂಡು ಹೀಗಿದೆ:

| ಪದ | ಅರ್ಥ |
|---|---|
| ಅಕ್ಕಚ್ಚು | ಅಕ್ಕಿ ತೊಳೆದ ನೀರು. |
| ಒನಕೆ | ಧಾನ್ಯ ಕುಟ್ಟಲು ಕೈಯಲ್ಲಿ ಎತ್ತಿ ಹಾಕುವ, ತುದಿಗೆ ಕಬ್ಬಿಣದ ಬಳೆ ಇರುವ ಉದ್ದನೆಯ ಮರದ ಕೋಲು. |
| ಒರಳು | 1. ಧಾನ್ಯ ಕುಟ್ಟಲು ಬಳಸುವ, ನಡುವೆ ಕುಳಿ ಇರುವ ಕಲ್ಲು. 2. ಹಿಟ್ಟು, ಮಸಾಲೆ ರುಬ್ಬಲು ಬಳಸುವ, ನಡುವೆ ಕುಳಿ ಇರುವ ಕಲ್ಲು. |
| ಕಡೆಗೋಲು | ಮೊಸರು ಕಡೆದು ಬೆಣ್ಣೆ ತೆಗೆಯಲು ಬಳಸುವ, ತುದಿಯಲ್ಲಿ ಹಲ್ಲುಗಳಿರುವ ಮರದ ಕೋಲು. |
| ಕಲಗಚ್ಚು | ದನಗಳಿಗೆ ಕುಡಿಸುವ, ಅಡುಗೆಮನೆಯಲ್ಲಿ ಮಿಕ್ಕಿದ್ದು ಸೇರಿದ ನೀರು. |
| ಕೇರು | ಮೊರದಲ್ಲಿ ಹಾರಿಸಿ ಧಾನ್ಯದ ಸಿಪ್ಪೆಯನ್ನು ಬೇರೆ ಮಾಡು. |

ಮರಾಠಿಯ ಪದವನ್ನೂ ಮೂರನೆಯ ಕಾಲಮ್ಮಿನಲ್ಲಿ ಕೊಡೋಣ ಅಂತ ಕೆಲವರು ಹೇಳಿದರು. ಆಸೆ ನನಗೂ ಇತ್ತು. ಆದರೆ ಇದನ್ನು ಎಲ್ಲರೂ ಓದುವುದು ಫೋನಿನಲ್ಲಿ. ಮೂರು ಕಾಲಮ್ಮು ಹಾಕಿ ನೋಡಿದರೆ ಅಕ್ಷರ ಸಾಸಿವೆ ಕಾಳಾಯಿತು, ಒಂದೊಂದು ಪದವೂ ಎರಡು ಸಾಲಿಗೆ ಮುರಿಯಿತು. ಎರಡೇ ಇರಲಿ ಅಂದೆವು, ಎಡಕ್ಕೆ ಮೂರನೇ ಒಂದು ಪಾಲು, ಮಿಕ್ಕಿದ್ದು ಬಲಕ್ಕೆ.

ಈಗ ಸ್ವಲ್ಪ ಬಿಸಿಯಾದ ವಿಷಯ. ಒಂದೇ ವಸ್ತುವಿಗೆ ಊರಿಗೊಂದು ಹೆಸರು ಇದ್ದಾಗ ಏನು ಮಾಡುವುದು? ನಿಘಂಟಿನ ಪದ್ಧತಿ ಗೊತ್ತಿತ್ತು. ಒಂದು ಪದಕ್ಕೆ ಅರ್ಥ ಕೊಟ್ಟು ಉಳಿದವುಗಳ ಮುಂದೆ "ನೋಡಿ" ಅಂತ ಹಾಕುವುದು. ಹಾಗೇ ಮಾಡಿದ್ದೆ. ಕರಡು ಪ್ರತಿ ಎಲ್ಲರಿಗೂ ಹೋದ ಎರಡನೆಯ ದಿನ ಕುಂದಾಪುರ ಕಡೆಯ ಹಿರಿಯರೊಬ್ಬರ ಫೋನು. "ಅಲ್ಲ ಮಾರಾಯ್ತಿ, ನಾನು ಬರೆದದ್ದು ಮೆಟ್ಟುಗತ್ತಿ. ನೀನು ಅದರ ಎದುರು 'ನೋಡಿ: ಈಳಿಗೆಮಣೆ' ಅಂತ ಹಾಕಿದ್ದಿ. ನನ್ನ ಬರಹ ಓದುವ ಮಗು ನನ್ನ ಮಾತು ಬಿಟ್ಟು ನಿನ್ನ ಮನೆ ಬಾಗಿಲಿಗೆ ಯಾಕೆ ಬರಬೇಕು?" ಅಂದರು. ಮೊದಲು ನನಗೂ ಸಿಟ್ಟು ಬಂತು. ಇಷ್ಟು ಸಣ್ಣ ವಿಷಯಕ್ಕೆ ಅಂತ. ರಾತ್ರಿ ಕೂತು ಎಣಿಸಿದೆ. ಪಟ್ಟಿಯಲ್ಲಿ ಒಟ್ಟು 19 "ನೋಡಿ". ಅದರಲ್ಲಿ 16 ಕರಾವಳಿಯ ಮತ್ತು ಉತ್ತರ ಕರ್ನಾಟಕದ ಪದಗಳ ಮುಂದೆ. ಮೈಸೂರು ಕಡೆಯ ಪದಗಳ ಮುಂದೆ ಮೂರೇ. ನಾನು ಹುಟ್ಟಿದ್ದು ಮೈಸೂರಿನಲ್ಲಿ. ಬೇಕು ಅಂತ ಮಾಡಿದ್ದಲ್ಲ, ನನಗೆ ಮೊದಲು ನೆನಪಾದ ಪದ "ಸರಿಯಾದ" ಪದವಾಗಿಬಿಟ್ಟಿತ್ತು.

ಮರುದಿನ ಅವರಿಗೆ ಫೋನ್ ಮಾಡಿ ತಪ್ಪಾಯಿತು ಅಂದೆ. "ನೋಡಿ"ಗಳನ್ನೆಲ್ಲ ತೆಗೆದೆವು. ಎರಡೂ ಪದಕ್ಕೆ ಅದೇ ಅರ್ಥವನ್ನು ಅಕ್ಷರಕ್ಕೆ ಅಕ್ಷರ ಎರಡು ಕಡೆ ಕೊಟ್ಟೆವು: "ತರಕಾರಿ ಹೆಚ್ಚಲು ಕಾಲಿನಿಂದ ಮೆಟ್ಟಿ ಹಿಡಿಯುವ, ಮಣೆಯ ಮೇಲೆ ಅಲಗು ನೆಟ್ಟ ಸಲಕರಣೆ." ದೊಡ್ಡ ನಿಘಂಟಿನಲ್ಲಿ ಜಾಗ ಉಳಿಸಬೇಕು, 241 ಪದಗಳ ಇ-ಪುಸ್ತಕದಲ್ಲಿ ಅರ್ಧ ಪುಟ ಹೆಚ್ಚಾದರೆ ನಷ್ಟವೇನು? ಆದರೆ ಇದರಲ್ಲಿ ಒಂದು ಅಪಾಯ ಇದೆ. ಮುಂದೆ ಒಂದು ಕಡೆ ಅರ್ಥ ತಿದ್ದಿ ಇನ್ನೊಂದು ಕಡೆ ಮರೆತರೆ, ಒಂದೇ ವಸ್ತು ಎರಡಾಗುತ್ತದೆ. ಅದಕ್ಕೆ ಕೊನೆಯಲ್ಲಿ ಹಾಳೆಯ ಒಂದು ಪ್ರತಿ ತೆಗೆದು, ಪದದ ಬದಲು ಅರ್ಥದ ಕಾಲಮ್ಮನ್ನೇ ಅಕಾರಾದಿಗೆ ಹಾಕಿದೆ. ಒಂದೇ ಅರ್ಥದವು ಅಕ್ಕಪಕ್ಕ ಬಂದು ಕೂತವು, ಸಣ್ಣ ವ್ಯತ್ಯಾಸವೂ ಕಣ್ಣಿಗೆ ಹೊಡೆಯಿತು. ಹಾಗೆ ಕಣ್ಣಾಡಿಸುವಾಗಲೇ ಕೆಲವು ಕಡೆ "ಸಾಧನ", ಕೆಲವು ಕಡೆ "ಉಪಕರಣ", ಕೆಲವು ಕಡೆ "ವಸ್ತು" ಅಂತ ಮುಗಿದದ್ದು ಕಂಡು ಎಲ್ಲವನ್ನೂ "ಸಲಕರಣೆ" ಮಾಡಿದೆವು.

ಎಲ್ಲ ಜೋಡಿಯೂ ಒಂದೇ ಅರ್ಥದ್ದಲ್ಲ ಅನ್ನುವುದೂ ಆಗಲೇ ತಿಳಿಯಿತು. ಅಕ್ಕಚ್ಚು, ಕಲಗಚ್ಚು ಎರಡೂ ಒಂದೇ ಅಂತ ನಾನು ಬರೆದಿದ್ದೆ, ಎರಡೂ ದನಕ್ಕೆ ಕೊಡುವ ನೀರು ತಾನೇ ಅಂತ. ಅಕ್ಕಚ್ಚಿನಲ್ಲಿ ಅಕ್ಕಿ ತೊಳೆದ ನೀರು ಬಿಟ್ಟು ಬೇರೇನೂ ಇಲ್ಲ, ಅದನ್ನು ದನಕ್ಕೆ ಕೊಡದಿದ್ದರೂ ಅದು ಅಕ್ಕಚ್ಚೇ, ಅಂತ ಅದೇ ಹಿರಿಯರು ತಿದ್ದಿದರು. ಅವರ ವಾಕ್ಯದಲ್ಲಿ ನನ್ನ ಅರ್ಥ ಇಟ್ಟು ಓದಿದ್ದರೆ ಆಗಲೇ ಗೊತ್ತಾಗುತ್ತಿತ್ತು.

ಕೊನೆಗೆ ಒಂದು ಪದ ಉಳಿಯಿತು, "ಮರಿಗೆ". ಅದನ್ನು ಬರೆದವರು ಬರಹ ಕೊಟ್ಟ ಕೆಲವು ತಿಂಗಳಿಗೆ ನಮ್ಮನ್ನು ಅಗಲಿದರು. ನಿಘಂಟಿನಲ್ಲಿ ಮರದ ಪಾತ್ರೆ ಅಂತಿದೆ. ಅವರ ಬರಹದಲ್ಲಿ ಇರುವುದು ಇಷ್ಟೇ, ಬೆಳಿಗ್ಗೆ ಕಲಗಚ್ಚನ್ನು ಮರಿಗೆಗೆ ಸುರಿಯುವುದು ತಮ್ಮ ಕೆಲಸವಾಗಿತ್ತು ಅಂತ. ಮಗಳನ್ನು ಕೇಳಿದೆ. "ಚಿಕ್ಕವಳಿದ್ದಾಗ ಒಂದೇ ಸಲ ನೋಡಿದ್ದು ಆಂಟಿ, ಕಲ್ಲಿನದು ಅಂತ ನೆನಪು. ಕೈಯಿಟ್ಟರೆ ತಣ್ಣಗಿತ್ತು" ಅಂದಳು. ಮರದ್ದು ಅಂತ ಬರೆದರೆ ಮಗಳ ನೆನಪಿಗೆ ವಿರುದ್ಧ, ಕಲ್ಲಿನದು ಅಂತ ಬರೆದರೆ ಒಂದು ಮಗುವಿನ ನೆನಪಿನ ಮೇಲೆ ನಿಂತ ಮಾತು. ಯಾವುದರಿಂದ ಮಾಡಿದ್ದು ಅನ್ನುವುದನ್ನೇ ಬಿಟ್ಟು, ಅವರ ಬರಹ ಎಷ್ಟು ಹೇಳುತ್ತದೋ ಅಷ್ಟನ್ನೇ ಇಟ್ಟೆವು: "ದನಗಳಿಗೆ ಕಲಗಚ್ಚು ಸುರಿದಿಡುವ ತೊಟ್ಟಿ." ಮಗಳಿಗೆ ಫೋನಿನಲ್ಲಿ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಸರಿ ಆಂಟಿ, ಅಮ್ಮ ಸುರೀತಿದ್ದಿದ್ದು ಅದಕ್ಕೇ" ಅಂದಳು.

ಪಟ್ಟಿ ಈಗ ಈ ಸಂಚಿಕೆಯ ಜೊತೆಗಿದೆ. ಮ ಅಕ್ಷರದಲ್ಲಿ, ಮಂತು ಮೊದಲು, ಮರಿಗೆ ಆಮೇಲೆ. ತಪ್ಪು ಕಂಡರೆ ನನಗೆ ಫೋನ್ ಮಾಡಿ.